ಎರಡನೆಯ ಪ್ರಶ್ನೆ

ಪರವೂರಿನಲ್ಲಿ ಕನ್ನಡಿಗರಿಬ್ಬರು ಎದುರಾದರೆ ಮೊದಲು ಬರುವ ಮಾತು ಹೆಸರಲ್ಲ, ಊರು. ದಿಲ್ಲಿ ಮೆಟ್ರೋದಲ್ಲಿ ಯಾರಾದರೂ ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದರೆ ಸಾಕು, ಅವರು ಫೋನ್ ಇಡುವುದನ್ನೇ ಕಾದಿದ್ದು ‘ಯಾವೂರ್ರೀ ನಿಮ್ದು?’ ಎಂದು ಕೇಳುವ ಚಾಳಿ ನನ್ನದು. ಗದಗ ಅಂದರೆ ನನ್ನ ಸೋದರಮಾವನ ನೆನಪಾಗುತ್ತದೆ, ಹಾಸನ ಅಂದರೆ ಅವರಿಗೆ ನನ್ನ ಹುಬ್ಬಳ್ಳಿ ಮಾತು ಕೇಳಿ ನಗು ಬರುತ್ತದೆ. ನಾಲ್ಕು ನಿಲ್ದಾಣ ದಾಟುವುದರೊಳಗೆ ನಂಬರು ವಿನಿಮಯ ಆಗಿರುತ್ತದೆ. ಹಾಗಾಗಿ ‘ನೀವು ಯಾವ ಕಡೆಯವರು?’ ಎಂದು ಕೇಳುವುದೇ ಅವಮಾನ ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮಲ್ಲಿ ಪರಿಚಯ ಶುರುವಾಗುವುದೇ ಆ ಮಾತಿನಿಂದ.

ತೊಂದರೆ ಇರುವುದು ಎರಡನೆಯ ಪ್ರಶ್ನೆಯಲ್ಲಿ. ಅದು ನನಗೆ ಅರ್ಥವಾದದ್ದು ಕಳೆದ ಚಳಿಗಾಲದಲ್ಲಿ, ದಿಲ್ಲಿಯ ಒಂದು ಹಳೆಯ ಸ್ಮಾರಕದ ಗೇಟಿನಲ್ಲಿ.

ಜೊತೆಗಿದ್ದವಳು ಎಂ.ಎ. ದಿನಗಳಿಂದಲೂ ಗೆಳತಿ. ಊರು ಮಣಿಪುರದ ಉಖ್ರುಲ್ ಜಿಲ್ಲೆ, ಮನೆಮಾತು ತಾಂಗ್‌ಖುಲ್. ಭಾಷಾವಿಜ್ಞಾನದ ತರಗತಿಯಲ್ಲಿ ನಾನು ಧಾರವಾಡದ ಕಡೆಯ ಕ್ರಿಯಾಪದಗಳನ್ನು ಬಿಡಿಸುತ್ತಿದ್ದಾಗ ಅವಳು ತನ್ನ ಅಜ್ಜಿಯ ಭಾಷೆಯ ಸ್ವರಗಳನ್ನು ಲೆಕ್ಕ ಹಾಕುತ್ತಿದ್ದಳು. ಈಗ ಇಬ್ಬರೂ ದಿಲ್ಲಿಯಲ್ಲಿದ್ದೇವೆ. ಆ ದಿನ ನಾನೇ ಎರಡು ಟಿಕೆಟ್ ಕೊಂಡೆ, ಎರಡೂ ಭಾರತೀಯರ ದರದವು. ಗೇಟಿನಲ್ಲಿದ್ದ ಕಾವಲುಗಾರ ನನ್ನ ಟಿಕೆಟ್ ನೋಡಿ ಒಳಗೆ ಬಿಟ್ಟ. ಅವಳದನ್ನು ನೋಡಿ ಕೈ ಅಡ್ಡ ಹಿಡಿದ. ಹಿಂದಿಯಲ್ಲಿ ನಡೆದ ಮಾತು ಇಷ್ಟು.

‘ಎಲ್ಲಿಂದ ಬಂದ್ರಿ ಮೇಡಂ?’

‘ಮಣಿಪುರ.’

‘ಅಲ್ಲ, ದೇಶ ಯಾವುದು?’

‘ಮಣಿಪುರ ಇಂಡಿಯಾದಲ್ಲೇ ಇದೆ ಭಯ್ಯಾ.’

‘ಐಡಿ ತೋರಿಸಿ.’

ಅವಳು ಮೊಬೈಲಿನ ಹಿಂಬದಿ ಕವರಿನೊಳಗಿಂದ ಆಧಾರ್ ಕಾರ್ಡ್ ತೆಗೆದು ಹಿಡಿದಳು. ಆತ ಅದನ್ನು ನೋಡಿ, ಅವಳ ಮುಖ ನೋಡಿ, ಮತ್ತೆ ಕಾರ್ಡ್ ನೋಡಿ ವಾಪಸ್ ಕೊಟ್ಟ. ಒರಟಾಗಿ ಏನೂ ನಡೆದುಕೊಳ್ಳಲಿಲ್ಲ. ‘ಹಿಂದಿ ಚೆನ್ನಾಗಿ ಮಾತಾಡ್ತೀರಿ’ ಎಂದು ಮೆಚ್ಚಿಕೊಂಡ ಕೂಡ. ಎಲ್ಲ ಸೇರಿ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ. ಒಳಗೆ ಹುಲ್ಲಿನ ಮೇಲೆ ಕೂತ ಮೇಲೆ ನನಗೆ ಎರಡು ಸಂಗತಿ ಹೊಳೆದವು. ಒಂದು, ಕಾರ್ಡನ್ನು ಅವಳು ಹುಡುಕಿರಲಿಲ್ಲ. ಅದು ಬೆರಳಿಗೆ ಸಿಗುವ ಜಾಗದಲ್ಲೇ ಇತ್ತು. ಎರಡು, ನನ್ನ ಆಧಾರ್ ಕಾರ್ಡ್ ಮನೆಯ ಕಪಾಟಿನಲ್ಲಿತ್ತು. ಅದನ್ನು ತರಬೇಕು ಎಂಬ ಯೋಚನೆ ಕೂಡ ನನಗೆ ಬಂದಿರಲಿಲ್ಲ. ಆತ ನನ್ನನ್ನು ಕೇಳಿದ್ದರೆ ನಾನೇ ಹೊರಗೆ ಉಳಿಯಬೇಕಾಗಿತ್ತು.

ಆ ಐದು ಸಾಲಿನ ಮಾತುಕತೆಯನ್ನು ನಿಧಾನವಾಗಿ ನೋಡಬೇಕು. ಮೊದಲ ಪ್ರಶ್ನೆ ನಾನು ಮೆಟ್ರೋದಲ್ಲಿ ಕೇಳುವಂಥದ್ದೇ. ಅದಕ್ಕೆ ನಿಜವಾದ ಉತ್ತರ ಬಂತು. ನನ್ನಂಥವಳು ‘ಹುಬ್ಬಳ್ಳಿ’ ಎಂದಿದ್ದರೆ ಅದು ಎಲ್ಲಿದೆ ಎಂದು ಆತನಿಗೆ ತಿಳಿದಿಲ್ಲದಿದ್ದರೂ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಮಾತ್ರ ‘ಅಲ್ಲ’ ಎಂಬ ಪದ ಸಿಕ್ಕಿತು. ತನ್ನ ಊರು ಯಾವುದು ಎಂದು ಅವಳಿಗಿಂತ ಹೆಚ್ಚು ಬಲ್ಲವರು ಯಾರು? ಆದರೂ ಆ ಉತ್ತರವನ್ನು ಆತ ತಳ್ಳಿಹಾಕಿದ. ಅದಕ್ಕೆ ಆಧಾರ ಅವಳ ಕಣ್ಣು, ಕೆನ್ನೆ, ಮೂಗು.

‘ದೇಶ ಯಾವುದು?’ ಎಂಬ ಎರಡನೆಯ ಪ್ರಶ್ನೆ ನೋಡುವುದಕ್ಕೆ ಪ್ರಶ್ನೆ, ಒಳಗೆ ತೀರ್ಮಾನ. ಭಾಷಾವಿಜ್ಞಾನದ ತರಗತಿಯಲ್ಲಿ ಇದನ್ನು ವಿವರಿಸಲು ಬಳಸುವ ಹಳೆಯ ಉದಾಹರಣೆಯೊಂದಿದೆ: ‘ಹೆಂಡತಿಗೆ ಹೊಡೆಯೋದು ಬಿಟ್ಟೆಯಾ?’ ಹೌದು ಎಂದರೂ ಇಲ್ಲ ಎಂದರೂ, ಮೊದಲು ಹೊಡೆಯುತ್ತಿದ್ದೆ ಎಂದು ಒಪ್ಪಿಕೊಂಡಂತೆ. ಕೆಲವು ಪ್ರಶ್ನೆಗಳು ಒಂದು ಸಂಗತಿಯನ್ನು ಮೊದಲೇ ಗಟ್ಟಿ ಮಾಡಿಕೊಂಡು ಅದರ ಮೇಲೆ ನಿಂತು ಕೇಳುತ್ತವೆ. ‘ದೇಶ ಯಾವುದು?’ ಎಂಬ ಮಾತು ‘ಈ ದೇಶವಂತೂ ಅಲ್ಲ’ ಎಂಬುದರ ಮೇಲೆ ನಿಂತಿದೆ. ಅದಕ್ಕೆ ನೇರ ಉತ್ತರ ಕೊಡಲು ಬರುವುದಿಲ್ಲ. ಮೊದಲು ಆ ತಳವನ್ನು ಕೆಡವಬೇಕು. ಕೆಡವಲು ಹೋದರೆ ‘ಸುಮ್ಮನೆ ಕೇಳಿದ್ದಕ್ಕೆ ಇಷ್ಟು ಸಿಟ್ಟಾ?’ ಎಂಬ ಮಾತು ಬರುತ್ತದೆ. ಗೆಳತಿ ಹೇಳುವಂತೆ, ದಿನಕ್ಕೆ ಒಂದು ಸಲವಾದರೆ ನಕ್ಕು ಹೇಳಬಹುದು. ಸಂಜೆ ಮೂರನೆಯ ಸಲ ಅದೇ ನಗು ಮುಖಕ್ಕೆ ಬರುವುದಿಲ್ಲ. ಆದರೆ ಮೂರನೆಯವನಿಗೆ ತಾನು ಮೂರನೆಯವನು ಎಂದು ಗೊತ್ತಿರುವುದಿಲ್ಲ. ಅವನ ಪಾಲಿಗೆ ಅವಳು ಸಿಡುಕಿನ ಹುಡುಗಿ.

ಕೊನೆಯ ಹೊಗಳಿಕೆಯೂ ಅದೇ ತಳದ ಮೇಲೆ ನಿಂತದ್ದು. ಭಾಷೆ ಕಲಿತ ಹೊರಗಿನವರಿಗೆ ‘ಚೆನ್ನಾಗಿ ಮಾತಾಡ್ತೀರಿ’ ಎನ್ನುತ್ತೇವೆ. ನಮ್ಮವರಿಗೆ ಅನ್ನುವುದಿಲ್ಲ.

‘ಪಾಪ, ಕಾವಲುಗಾರ ತನ್ನ ಕೆಲಸ ಮಾಡಿದ, ವಿದೇಶಿಯರಿಗೆ ಬೇರೆ ದರ ಇದೆಯಲ್ಲ’ ಎಂದು ನೀವು ಹೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಪುರಾತತ್ವ ಇಲಾಖೆಯ ದೊಡ್ಡ ಸ್ಮಾರಕಗಳಲ್ಲಿ ಭಾರತೀಯರಿಗೆ ಸುಮಾರು 40 ರೂಪಾಯಿ, ವಿದೇಶಿಯರಿಗೆ 600ರ ಆಸುಪಾಸು ಇರುತ್ತದೆ. ಆದರೆ ನಿಯಮವನ್ನು ಪೂರ್ತಿ ಓದಿದರೆ ಒಂದು ತಮಾಷೆ ಕಾಣುತ್ತದೆ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಒಕ್ಕೂಟದ ದೇಶಗಳ ಪ್ರಜೆಗಳಿಗೂ ಭಾರತೀಯರದೇ ದರ. ಅಂದರೆ ನೇಪಾಳ, ಭೂತಾನ್, ಮ್ಯಾನ್ಮಾರ್, ಥಾಯ್ಲೆಂಡಿನಿಂದ ಬಂದವರು ಕೂಡ 40 ರೂಪಾಯಿಯ ಟಿಕೆಟ್ಟಿಗೆ ಅರ್ಹರು. ಇನ್ನೊಂದು ಕಡೆ, ಮಲೇಷ್ಯಾದಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿರುವ ತಮಿಳು ಕುಟುಂಬ ವಿದೇಶಿ ದರ ಕೊಡಬೇಕು. ಅವರು 40 ರೂಪಾಯಿ ಕೊಟ್ಟು ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಮುಖ ನೋಡಿ ಮಾಡುವ ಈ ತಪಾಸಣೆ ಭಾರತೀಯಳನ್ನು ತಡೆಯುತ್ತದೆ, ವಿದೇಶಿಯನ್ನು ಒಳಗೆ ಬಿಡುತ್ತದೆ. ನಿಯಮ ಕೇಳುವುದು ಪೌರತ್ವವನ್ನು. ಪೌರತ್ವ ಮುಖದಲ್ಲಿ ಬರೆದಿರುವುದಿಲ್ಲ.

‘ಈಶಾನ್ಯದ ಮುಖ’ ಎಂದು ನಾವು ಅಂದುಕೊಂಡಿರುವುದಾದರೂ ಏನು? ಲಡಾಖ್, ಕಿನ್ನೌರ್, ಡಾರ್ಜಿಲಿಂಗ್‌ನ ಜನರಿಗೂ ಇದೇ ಪ್ರಶ್ನೆ ಎದುರಾಗುತ್ತದೆ, ಅವರು ಈಶಾನ್ಯ ರಾಜ್ಯಗಳವರಲ್ಲ. ಅಸ್ಸಾಮಿನ ಎಷ್ಟೋ ಜನರಿಗೆ ‘ನೀವು ಆ ಕಡೆಯವರ ಥರ ಕಾಣೋದೇ ಇಲ್ಲ’ ಎಂಬ ಶಹಬ್ಬಾಸ್‌ಗಿರಿ ಸಿಗುತ್ತದೆ. ಮುಖದಿಂದ ಊರು ಗುರುತಿಸುತ್ತೇನೆ ಎಂದು ಹೊರಟವರು ಎರಡೂ ಕಡೆ ತಪ್ಪುತ್ತಾರೆ.

ತಪ್ಪಿದರೆ ಏನಾಗುತ್ತದೆ ಎಂಬುದನ್ನು 2012ರ ಆಗಸ್ಟಿನಲ್ಲಿ ಬೆಂಗಳೂರು ನೋಡಿತು. ಅಸ್ಸಾಮಿನಲ್ಲಿ ಬೋಡೊಗಳು ಮತ್ತು ಮುಸ್ಲಿಮರ ನಡುವೆ ನಡೆದ ಹಿಂಸೆಗೆ ಇಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ವದಂತಿ ಎಸ್ಸೆಮ್ಮೆಸ್ಸುಗಳಲ್ಲಿ ಹರಡಿತು. ಸಾವಿರಾರು ಜನ ರೈಲ್ವೆ ನಿಲ್ದಾಣಕ್ಕೆ ಓಡಿದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಹೊರಟವರಲ್ಲಿ ಬೋಡೊಗಳಷ್ಟೇ ಇರಲಿಲ್ಲ. ಆ ಜಗಳದ ಯಾವ ಪಕ್ಷದಲ್ಲೂ ಇಲ್ಲದ ಮಣಿಪುರಿಗಳು, ನಾಗಾಗಳು ಕೂಡ ಹೊರಟರು. ಮುಂದೆ ನಿಂತವನು ‘ನೀನು ಬೋಡೊನಾ?’ ಎಂದು ಕೇಳಿ ನಿರ್ಧರಿಸುವುದಿಲ್ಲ, ಮುಖ ನೋಡಿ ನಿರ್ಧರಿಸುತ್ತಾನೆ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. 2020ರ ಮಾರ್ಚಿನಲ್ಲಿ ಅದೇ ಮುಖಕ್ಕೆ ‘ಕೊರೊನಾ’ ಎಂಬ ಹೆಸರು ಬಿತ್ತು. ಇಂಥ ಕಿರುಕುಳ ತಡೆಯಿರಿ ಎಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು.

ಕಾನೂನು ಏನು ಮಾಡುತ್ತಿದೆ ಎಂದು ಕೇಳಿದರೆ 2014ಕ್ಕೆ ಹೋಗಬೇಕು. ಆ ವರ್ಷದ ಜನವರಿ ಕೊನೆಯಲ್ಲಿ ದಿಲ್ಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತಾನಿಯಂ ವಿಳಾಸ ಕೇಳಲು ಒಂದು ಅಂಗಡಿಯ ಬಳಿ ನಿಂತಿದ್ದ. ಅಲ್ಲಿದ್ದವರು ಅವನ ಕೂದಲು, ರೂಪ ನೋಡಿ ಗೇಲಿ ಮಾಡಿದರು. ಜಗಳವಾಯಿತು, ಹೊಡೆದರು, ಮರುದಿನ ಅವನು ಸತ್ತ. ಕೇಂದ್ರ ಸರ್ಕಾರ ಎಂ.ಪಿ. ಬೆಜ್‌ಬರುವಾ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಅದೇ ಜುಲೈನಲ್ಲಿ ವರದಿ ಬಂತು. ಜನಾಂಗೀಯ ಅವಮಾನವನ್ನೇ ಅಪರಾಧವಾಗಿ ಹೆಸರಿಸುವ ಎರಡು ಹೊಸ ಕಲಮುಗಳನ್ನು, ಅಂದರೆ 153ಸಿ ಮತ್ತು 509ಎ ಎಂಬವನ್ನು, ದಂಡ ಸಂಹಿತೆಗೆ ಸೇರಿಸಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಅವು ಸೇರಲಿಲ್ಲ. 2024ರ ಜುಲೈ 1ರಿಂದ ಹಳೆಯ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಲ್ಲೂ ಅಂಥ ಪ್ರತ್ಯೇಕ ಕಲಮು ಇಲ್ಲ. ಐದು ಅಥವಾ ಹೆಚ್ಚು ಮಂದಿ ಸೇರಿ ಜನಾಂಗದ ಕಾರಣಕ್ಕೆ ಕೊಂದರೆ ಅಥವಾ ತೀವ್ರವಾಗಿ ಗಾಯಗೊಳಿಸಿದರೆ ಹೊಸ ಸಂಹಿತೆ ಅದನ್ನು ಗುರುತಿಸುತ್ತದೆ. ಬೀದಿಯಲ್ಲಿ ಒಬ್ಬನೇ ನಿಂತು ಮುಖ ನೋಡಿ ಬೈದರೆ ಅದಕ್ಕೆಂದೇ ಮಾಡಿದ ಕಲಮು ಇಲ್ಲ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆಯಲ್ಲ ಎಂದು ಹೇಳುವವರಿದ್ದಾರೆ. ನಿಜ, ‘ಚಿಂಕಿ’ ಎಂದು ಬೈದವರ ಮೇಲೆ ಆ ಕಾಯ್ದೆಯಡಿ ಕೇಸು ಹಾಕಬಹುದು ಎಂಬ ಮಾತು 2012ರಲ್ಲೇ ಬಂದಿತ್ತು. ಆದರೆ ನನ್ನ ಗೆಳತಿ ತಾಂಗ್‌ಖುಲ್, ಮಣಿಪುರದ ಪರಿಶಿಷ್ಟ ಪಂಗಡದವಳು. ಅವಳ ಜೊತೆ ಒಂದೇ ಫ್ಲಾಟಿನಲ್ಲಿರುವ ಹುಡುಗಿ ಮೈತೇಯಿ. ಮೈತೇಯಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಒಂದೇ ಬೀದಿಯಲ್ಲಿ ಒಬ್ಬನೇ ಮನುಷ್ಯ ಇಬ್ಬರಿಗೂ ಒಂದೇ ಪದ ಎಸೆದರೆ ಕಾಯ್ದೆಯ ರಕ್ಷಣೆ ಒಬ್ಬಳಿಗುಂಟು, ಇನ್ನೊಬ್ಬಳಿಗಿಲ್ಲ. ಬೈದವನು ಪಟ್ಟಿ ನೋಡಿ ಬೈದಿರುವುದಿಲ್ಲ.

ಹಾಗಾಗಿ ಬೆಜ್‌ಬರುವಾ ಸಮಿತಿ ಕೇಳಿದ ಕಲಮು ಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಬಂದರೂ ಗೇಟಿನ ಆ ಒಂದು ನಿಮಿಷಕ್ಕೆ ಮದ್ದಾಗುವುದಿಲ್ಲ. ಕಾನೂನಿಗೆ ಕೆಟ್ಟ ಪದ ಬೇಕು, ಅವಮಾನಿಸುವ ಉದ್ದೇಶ ಬೇಕು. ನಮ್ಮ ಕಾವಲುಗಾರನ ಮಾತಿನಲ್ಲಿ ಕೆಟ್ಟ ಪದ ಒಂದೂ ಇರಲಿಲ್ಲ, ಉದ್ದೇಶವೂ ಇರಲಿಲ್ಲ. ಅದನ್ನು ಸರಿಪಡಿಸುವ ದಾರಿ ಬೇರೆ, ಅದು ಕಷ್ಟದ್ದೂ ಅಲ್ಲ: ಎಲ್ಲರನ್ನೂ ಕೇಳಿ, ಇಲ್ಲವೇ ಯಾರನ್ನೂ ಕೇಳಬೇಡಿ. ವಿಮಾನ ನಿಲ್ದಾಣದ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಲು ಯಾರಿಗೂ ನೋವಾಗುವುದಿಲ್ಲ, ಏಕೆಂದರೆ ಮುಂದಿನವರೂ ಹಿಂದಿನವರೂ ತೋರಿಸುತ್ತಾರೆ. ಬೇಕಾದರೆ ಸಾಲಿನ ಪ್ರತಿ ಹತ್ತನೆಯವರನ್ನು ಕೇಳಿ. ಯಾರನ್ನು ಕೇಳಬೇಕು ಎಂಬ ಆಯ್ಕೆಯನ್ನು ಕಣ್ಣಿಗೆ ಬಿಡಬಾರದು, ಅಷ್ಟೆ. ಟಿಕೆಟ್ ಗೇಟಿಗೆ ಹೇಳಿದ್ದು ಬಾಡಿಗೆ ಮನೆ ಮಾಲೀಕರಿಗೂ, ಹೋಟೆಲ್ ಕೌಂಟರಿಗೂ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಗೂ ಸಲ್ಲುತ್ತದೆ. ಪಕ್ಷಪಾತ ನಡೆಯುತ್ತಿದೆಯೇ ಎಂದು ತಿಳಿಯಲು ಯಾರ ಮನಸ್ಸನ್ನೂ ಹೊಕ್ಕು ನೋಡಬೇಕಾಗಿಲ್ಲ. ಅದೇ ಸಾಲಿನಲ್ಲಿ ನಿಂತ ನಿಮ್ಮನ್ನೂ ಅದೇ ಪ್ರಶ್ನೆ ಕೇಳಿದರೇ ಎಂದು ನೋಡಿದರೆ ಸಾಕು.

ಪರವೂರಿನಲ್ಲಿರುವ ನಮಗೆ ಇದು ಹೊಸತಲ್ಲ ಅನ್ನಿಸಬಹುದು. ಮುಂಬೈಯಲ್ಲಿ, ದಿಲ್ಲಿಯಲ್ಲಿ ‘ಮದ್ರಾಸಿ’ ಅನ್ನಿಸಿಕೊಂಡ ತಲೆಮಾರು ನಮ್ಮ ಮನೆಗಳಲ್ಲೇ ಇದೆ. ನನಗೂ ‘ಇಡ್ಲಿ ಸಾಂಬಾರ್’ ಎಂದು ಕರೆದ ಸಹೋದ್ಯೋಗಿ ಇದ್ದರು. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ನನ್ನನ್ನು ಗುರುತಿಸಲು ಅವರು ನಾನು ಬಾಯಿ ತೆರೆಯುವುದನ್ನು ಕಾಯಬೇಕು, ಹೆಸರು ಕೇಳಬೇಕು. ನನ್ನನ್ನು ಅವರು ಗೇಲಿ ಮಾಡಿದ್ದು ಈ ದೇಶದವಳೆಂದು ಒಪ್ಪಿಕೊಂಡೇ. ಗೆಳತಿಯ ವಿಷಯದಲ್ಲಿ ಎಲ್ಲವೂ ಅವಳು ಬಾಯಿ ತೆರೆಯುವ ಮುಂಚೆಯೇ ನಡೆದುಹೋಗಿರುತ್ತದೆ.

ಅಷ್ಟಕ್ಕೂ ಈ ಎರಡನೆಯ ಪ್ರಶ್ನೆ ದಿಲ್ಲಿಯ ಸ್ವತ್ತಲ್ಲ, ನಮ್ಮ ಉತ್ತರ ಕನ್ನಡದಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡಂಚಿನಲ್ಲಿ ಸಿದ್ದಿ ಸಮುದಾಯ ನೂರಾರು ವರ್ಷಗಳಿಂದ ಇದೆ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇಂದು ಅವರ ಮಾತು ಕನ್ನಡ, ಕೊಂಕಣಿ, ಮರಾಠಿ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ಬೆಂಗಳೂರಿಗೆ ಬಂದ ಸಿದ್ದಿ ಹುಡುಗರನ್ನು ಆಟೋದವರು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಸರ್ಕಾರಕ್ಕೂ ಅವರ ಮೈಕಟ್ಟು ಕಂಡ ರೀತಿ ಹೀಗೆಯೇ ಇತ್ತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡಲು ಹೊರಟಿತ್ತು. ಆಫ್ರಿಕಾ ಮೂಲದವರು, ಓಡಬಲ್ಲರು ಎಂಬುದೇ ಅದರ ಹಿಂದಿನ ಲೆಕ್ಕ. ಕೆಲವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಮೆಚ್ಚುಗೆಯಿಂದ ಶುರುವಾದರೂ ಅದು ಮುಖ ನೋಡಿ ಹಾಕಿದ ಲೆಕ್ಕವೇ.

ಈಗ ನನ್ನ ಸರದಿ. ಹತ್ತು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ಸಿದ್ದಿ ತರುಣ ಕೂತಿದ್ದ. ಕಲಘಟಗಿ ದಾಟುವವರೆಗೂ ಮಳೆ, ಗೋವಿನಜೋಳದ ರೇಟು, ಬಸ್ಸಿನ ತಡ ಎಲ್ಲ ಮಾತಾಡಿದೆವು. ಆಗ ನಾನು, ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿದವಳು, ತುಂಬು ಮನಸ್ಸಿನಿಂದ ಹೇಳಿದೆ:

‘ಕನ್ನಡಾ ಎಷ್ಟ್ ಚೊಲೋ ಮಾತಾಡ್ತೀರಿ!’

ಆತ ಒಂದು ಕ್ಷಣ ನನ್ನನ್ನು ನೋಡಿ ಹೇಳಿದ:

‘ನೀವೂ ಚೊಲೋನ ಮಾತಾಡ್ತೀರಲ್ರೀ ಅಕ್ಕಾರ.’

ಅದರಲ್ಲಿ ಸಿಟ್ಟಿರಲಿಲ್ಲ. ನಾನು ನಕ್ಕೆ, ಯಲ್ಲಾಪುರದವರೆಗೆ ಕಿಟಕಿಯಾಚೆ ನೋಡುತ್ತ ಕೂತೆ. ಅವನು ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆಗೆ ನಾನು ಸರ್ಟಿಫಿಕೇಟ್ ಕೊಡಲು ಹೋಗಿದ್ದೆ. ಆ ಕಾವಲುಗಾರ ಅಂದದ್ದಕ್ಕೂ ನಾನು ಅಂದದ್ದಕ್ಕೂ ವ್ಯತ್ಯಾಸ ಭಾಷೆಯದು ಮಾತ್ರ, ಅವನದು ಹಿಂದಿ, ನನ್ನದು ಕನ್ನಡ. ಅದಕ್ಕೇ ಆತನನ್ನು ಕೆಟ್ಟವನೆಂದು ಬರೆಯಲು ನನ್ನ ಕೈ ಬರುವುದಿಲ್ಲ. ಆದರೆ ಕೆಟ್ಟವನಲ್ಲ ಎಂಬ ಕಾರಣಕ್ಕೆ ಅವನು ಮಾಡಿದ್ದು ಸರಿಯೂ ಆಗುವುದಿಲ್ಲ. ಆ ಬಸ್ಸಿನ ನಂತರ ನನಗೆ ನಾನೇ ಹಾಕಿಕೊಂಡ ಕಟ್ಟಳೆ ಚಿಕ್ಕದು. ಊರು ಕೇಳುತ್ತೇನೆ, ಅದನ್ನು ಬಿಡಲಾರೆ. ಬಂದ ಉತ್ತರವನ್ನು ನಂಬುತ್ತೇನೆ. ‘ಅಲ್ಲ, ಮೂಲ?’ ಎಂದು ಕೇಳುವುದಿಲ್ಲ.

ಮೊನ್ನೆ ಗೆಳತಿಯ ಜೊತೆ ಇನ್ನೊಂದು ಸ್ಮಾರಕಕ್ಕೆ ಹೋಗಿದ್ದೆ. ಈ ಸಲ ನನ್ನ ಆಧಾರ್ ಕಾರ್ಡ್ ಕೈಯಲ್ಲೇ ಇತ್ತು. ಗೇಟಿನಲ್ಲಿ ಅವಳನ್ನು ನಿಲ್ಲಿಸಿದಾಗ ನಾನೂ ಮುಂದೆ ಹೋಗಿ ನನ್ನದನ್ನು ಚಾಚಿದೆ. ಅಲ್ಲಿದ್ದವರು ಅದರತ್ತ ಕಣ್ಣು ಕೂಡ ಹಾಯಿಸಲಿಲ್ಲ.

‘ನಿಮ್ಮದು ಬೇಡ ಮೇಡಂ, ನೀವು ಹೋಗಿ’ ಅಂದರು.

ನಾನು ಕಾರ್ಡ್ ಹಿಡಿದುಕೊಂಡು ಅಲ್ಲೇ ನಿಂತೆ. ಅವಳದನ್ನು ಎರಡೂ ಬದಿ ತಿರುಗಿಸಿ ನೋಡಿ ಮುಗಿಸುವವರೆಗೆ.